ಅಂಬರ್ ಮತ್ತು ಬಿಡುಗಡೆ: ಕೈರೋ ಹೆಂಡತಿಯೊಬ್ಬಳ ಕಳೆದುಹೋದ ಪತ್ರ

ಹಳೇ ಕೈರೋದ ಗೆನಿಝಾ ಭಂಡಾರದಲ್ಲಿ ಸುಮಾರು 1204ರ ಒಂದು ಪತ್ರ ಸಿಕ್ಕಿದೆ. ಇಂಡಿಯಾ ವ್ಯಾಪಾರಕ್ಕೆ ಹೋಗಿದ್ದ ಯಹೂದಿ ವರ್ತಕ ಅದನ್ನು ಹಳೇ ಕೈರೋದಲ್ಲೇ ಇದ್ದ ಹೆಂಡತಿಗೆ ಬರೆದದ್ದು. ಎಸ್. ಡಿ. ಗಾಯ್ಟೈನ್ ಅದನ್ನು ಅನುವಾದಿಸಿ 1973ರಲ್ಲಿ ಪ್ರಕಟಿಸಿದ ಮೇಲೆ, ವಿರಹಿ ಗಂಡನ ಒಲವಿನ ಓಲೆಯೆಂದೇ ಅದನ್ನು ಉದ್ಧರಿಸುವವರು ಬಹಳ. ಗಾಯ್ಟೈನ್ ಅವರ ಋಣ ನನಗೆ ದೊಡ್ಡದು, ಆದರೆ ಈ ಓದನ್ನು ಒಪ್ಪಲಾರೆ. ಅದು ಉತ್ತರ. ಯಾವ ಪತ್ರಗಳಿಗೆ ಉತ್ತರವೋ ಅವು, ಹೆಂಡತಿಯವು, ಉಳಿದಿಲ್ಲ. ಅವುಗಳಲ್ಲಿ ಏನಿತ್ತೆಂದು ಹುಡುಕದೆ ಈ ಪತ್ರ ಅರ್ಥವಾಗದು.

ಹುಡುಕುವ ದಾರಿ ಒಂದಿದೆ. ಗಂಡ ನಿರ್ದಿಷ್ಟ ಸಂಗತಿಗೆ ಜವಾಬು ಕೊಡುವ ಕಡೆ ಹೆಂಡತಿಯ ಮಾತು ನಿಜವಾಗಿ ಕೇಳುತ್ತದೆ. ನೀನು ಸದಾ ಕಟುಮಾತಾಡುತ್ತೀ ಎಂದು ಅವನು ಗೋಳಾಡುವ ಕಡೆ ಕೇಳುವುದು ಅವನ ನೋವು ಮಾತ್ರ. ಅವನು ಕಳಿಸಿದ್ದ ಅಂಬರ್ ವಿಷಯ ಮೊದಲ ಬಗೆಯದು. ಅದರ ಬಗ್ಗೆ ಅವಳು ಆಕ್ಷೇಪಿಸಿದ್ದಳು. ಅವನೋ, ಅದಕ್ಕಾಗಿ ಪಟ್ಟ ಪಾಡನ್ನು ಉದ್ದಕ್ಕೆ ಹೇಳುತ್ತಾನೆ: ಸತ್ತು ಬದುಕಿದಂತಾಗಿ, ಜೊತೆಗಿದ್ದ ಸರಕೆಲ್ಲ ಹೋಗಿ, ಸಾಲ ಮಾಡಿ ಕೋರಮಂಡಲದ ಆಚೆಗೂ ಹೋದನಂತೆ. ಇಲ್ಲಿ ಅಂಬರನ್ನು ಬರಿಯ ಉಡುಗೊರೆ ಎಂದುಕೊಂಡರೆ ಅವಳು ಕೃತಘ್ನಳಾಗಿ ಕಾಣುತ್ತಾಳೆ. ಆ ಕಾಲದ ವರ್ತಕರು ಮನೆಗೆ ಸರಕನ್ನೇ ಕಳಿಸುತ್ತಿದ್ದರು, ಹೆಂಡತಿ ಅದನ್ನು ಮಾರಿ ಸಂಸಾರ ತೂಗಿಸಬೇಕಿತ್ತು. ಅವಳ ಆಕ್ಷೇಪ ಮನೆವಾರ್ತೆಯ ಲೆಕ್ಕದ್ದು ಎಂದೇ ನನ್ನ ಅಭಿಪ್ರಾಯ.

ಎರಡನೆಯದು ಇನ್ನೂ ಗಟ್ಟಿ. ನನ್ನನ್ನು ಬಿಡುಗಡೆ ಮಾಡು ಎಂದು ಅವಳು ಆಣೆಯಿಟ್ಟು ಕೇಳಿದ್ದಾಳೆ. ಇದನ್ನು ಒಲವು ಬತ್ತಿದ್ದಕ್ಕೆ ಸಾಕ್ಷಿ ಎನ್ನುವವರು ಯಹೂದಿ ಧರ್ಮಶಾಸ್ತ್ರವನ್ನು ಮರೆಯುತ್ತಾರೆ. ದಡ ಕಾಣದ ನೀರಿನಲ್ಲಿ ಹಡಗು ಮುಳುಗಿ ಗಂಡ ಕಾಣೆಯಾದರೆ, ಅವನು ಸತ್ತದ್ದಕ್ಕೆ ಸಾಕ್ಷ್ಯ ಸಿಗುವವರೆಗೆ ಹೆಂಡತಿ ಮರುಮದುವೆಯಾಗುವಂತಿಲ್ಲ. ಅವಳು ವಿಧವೆಯೂ ಅಲ್ಲ, ಸುಮಂಗಲಿಯೂ ಅಲ್ಲ, ಬರಿಯ ಕಟ್ಟುಬಿದ್ದವಳು. ಇದನ್ನು ತಪ್ಪಿಸಲೆಂದೇ ದೂರಪ್ರಯಾಣಿಕರು ಷರತ್ತಿನ ವಿಚ್ಛೇದನ ಪತ್ರ ಬರೆದಿಟ್ಟು ಹೋಗುವ ರೂಢಿಯಿತ್ತು. ಸತ್ತು ಬದುಕಿದೆ ಎಂದು ಬರೆಯುವ ಗಂಡನ ಹೆಂಡತಿಗೆ ಆ ಹೆದರಿಕೆ ಸಕಾರಣವಾದದ್ದೇ.

ಅವಳನ್ನು ಬಿಡುಗಡೆ ಮಾಡು ಎಂದು ಹಿರಿಯನೊಬ್ಬನೂ ಬರೆದಿದ್ದನೆಂದು ಗಂಡ ಹೇಳುತ್ತಾನೆ. ಇದು ನಿನ್ನ ತೀರ್ಮಾನವೋ ಬೇರೆಯವರದೋ ಎಂದು ಅವನೇ ಅನುಮಾನಿಸುತ್ತಾನೆ. ಹೆಂಗಸರು ಹೆಚ್ಚಾಗಿ ಮತ್ತೊಬ್ಬರ ಕೈಯಲ್ಲಿ ಓಲೆ ಬರೆಸುತ್ತಿದ್ದ ಕಾಲದಲ್ಲಿ ಅನುಮಾನ ಸಹಜ. ಹಾಗಾಗಿ ಬೇಡಿಕೆ ಅವಳೊಬ್ಬಳದೇ ಎಂದು ನಾನೂ ಸಾಧಿಸಲಾರೆ.

ಆದರೆ ಅವನ ಕೊನೆಯ ನಡೆ ಗಮನಿಸಿ. ಕಾದದ್ದು ಬಹಳವಾಯಿತು, ನಿನ್ನನ್ನು ದೂರಲಾರೆ ಎಂದು ಒಪ್ಪಿ, ವಿಚ್ಛೇದನ ಪತ್ರ ಬರೆಸಲು ನಿಶ್ಚಯಿಸುತ್ತಾನೆ. ಅದನ್ನು ಸ್ವೀಕರಿಸುವುದೂ ಬಿಡುವುದೂ ನಿನ್ನ ಕೈಯಲ್ಲಿದೆ, ದುಡುಕಬೇಡ, ಒಳ್ಳೆಯವರನ್ನು ಕೇಳು ಎನ್ನುತ್ತಾನೆ. ಅಂದರೆ ಅವಳು ಕೇಳಿದ್ದು ಅವಳಿಗೆ ದಕ್ಕಿತು. ಪತ್ರ ಕೈಗೆ ಬಂದ ಮೇಲೆ ಅವಳು ಏನು ಮಾಡಿದಳು ಎಂಬುದನ್ನು ಹೇಳುವ ಚೂರು ಕಾಗದ ಇದರ ಜೊತೆಗಿಲ್ಲ.