ಬೌಲಿಂಗ್ ಶಿಕ್ಷಣದಲ್ಲಿ ನಿಧಾನಗತಿಯ ಚಿತ್ರ: ಒಂದು ಸಮೀಕ್ಷೆ

ವೇಗದ ಬೌಲರನು ಓಡಿಬಂದು, ನೆಗೆದು, ಹಿಂಗಾಲನ್ನೂರಿದ ಕ್ಷಣದಿಂದ ಮುಂಗಾಲನ್ನೂರಿ ಚೆಂಡನ್ನು ಕೈಬಿಡುವವರೆಗಿನ ವ್ಯಾಪಾರವೆಲ್ಲವೂ ಒಂದು ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಕಾಲದಲ್ಲಿ ನಡೆದುಹೋಗುವುದು. ನೆಟ್ಸಿನ ಪಕ್ಕದಲ್ಲಿ ನಿಂತ ಶಿಕ್ಷಕನಿಗೆ ಈ ವ್ಯಾಪಾರದ ಮೊದಲೂ ಕೊನೆಯೂ ಕಾಣುವುವು. ಅಂದರೆ ಓಟದ ಲಯವೂ ಚೆಂಡು ಬಿದ್ದ ತಾಣವೂ ಕಾಣುವುವು. ನಡುವಣ ಸಂಗತಿಯನ್ನು ಮಾತ್ರ ಆತನು ಅನುಭವದ ಬಲದಿಂದ ಊಹಿಸಿಕೊಳ್ಳಬೇಕಾಗುವುದು. ಹೀಗೆ ಊಹಿಸಿದ್ದು ಅನೇಕವೇಳೆ ನಿಜವೇ ಆಗಿರುವುದಾದರೂ, ಶಿಷ್ಯನಿಗೆ ಅದನ್ನು ಮನಗಾಣಿಸುವ ಸಾಧನವು ಆತನ ಕೈಯಲ್ಲಿರಲಿಲ್ಲ. ಈ ಅಭಾವವನ್ನು ನೀಗಿಸಲು ನಡೆದ ಪ್ರಯತ್ನಗಳ ಪರಂಪರೆಯು ಈಗ ಹುಡುಗರ ಜೇಬಿನಲ್ಲಿರುವ ಫೋನಿನವರೆಗೆ ಬಂದು ನಿಂತಿದೆ.

ಪರಂಪರೆಯ ಮೂಲವನ್ನು ಹುಡುಕಿದರೆ ನಾವು ಹತ್ತೊಂಬತ್ತನೆಯ ಶತಮಾನಕ್ಕೆ ಹೋಗಬೇಕು. ಓಡುವ ಕುದುರೆಯ ಕಾಲುಗಳನ್ನು ಸಾಲುಕ್ಯಾಮರಾಗಳಿಂದ ಹಿಡಿದು ತೋರಿಸಿ ಪ್ರಸಿದ್ಧನಾದ ಎಡ್ವರ್ಡ್ ಮೈಬ್ರಿಜನು 1887ರಲ್ಲಿ ಹೊರತಂದ ಬೃಹತ್ ಚಿತ್ರಸಂಪುಟದಲ್ಲಿ ಕ್ರಿಕೆಟ್ ಆಟಗಾರರ ಚಲನೆಯ ಚಿತ್ರಗಳೂ ಸೇರಿದ್ದುವು. 1906ರಲ್ಲಿ ಜಾರ್ಜ್ ಬೆಲ್ಡಮನು ಸಿ. ಬಿ. ಫ್ರೈಯೊಡನೆ ಪ್ರಕಟಿಸಿದ ಬೌಲರುಗಳ ಚಿತ್ರಗ್ರಂಥವು ಆಟದ ಶಿಕ್ಷಣವನ್ನೇ ಉದ್ದೇಶವಾಗಿ ಇಟ್ಟುಕೊಂಡಿದ್ದಿತು. ಆದರೆ ಅವು ಮಹಾನ್ ಬೌಲರುಗಳ ಚಿತ್ರಗಳು. ಕಲಿಯುವ ಹುಡುಗನು ಅವುಗಳಲ್ಲಿ ಪರರ ತೋಳನ್ನು ನೋಡಬಲ್ಲವನಾಗಿದ್ದನೇ ಹೊರತು ತನ್ನ ತೋಳನ್ನಲ್ಲ.

ಚಲನಚಿತ್ರವು ಬಂದ ಮೇಲೆ ಬೌಲಿಂಗ್ ಆಕ್ಷನ್ನಿನ ಪರೀಕ್ಷೆಯು ಬಹುಕಾಲ ಶಿಕ್ಷಣಕ್ಕಿಂತ ವಿವಾದಕ್ಕೇ ಹೆಚ್ಚಾಗಿ ಬಳಕೆಯಾಯಿತೆಂಬುದು ನನ್ನ ಅಭಿಪ್ರಾಯ. 1963ರ ಡಿಸೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ದಕ್ಷಿಣ ಆಫ್ರಿಕಾದ ಎದುರು ಇಯಾನ್ ಮೆಕಿಫನ ಒಂದೇ ಓವರಿನಲ್ಲಿ ಅಂಪೈರ್ ಕಾಲಿನ್ ಈಗರನು ಚೆಂಡನ್ನು ಎಸೆಯುತ್ತಿದ್ದಾನೆಂದು ನಾಲ್ಕು ಬಾರಿ ನೋಬಾಲ್ ಸಾರಿದಾಗ ಆ ಬೌಲರನ ಆಟದ ಜೀವನವೇ ಮುಗಿದುಹೋಯಿತು. 1995ರ ಬಾಕ್ಸಿಂಗ್ ಡೇ ದಿನ ಮೆಲ್ಬರ್ನಿನಲ್ಲಿ ಡ್ಯಾರೆಲ್ ಹೇರನು ಮುತ್ತಯ್ಯ ಮುರಳೀಧರನನ ತೋಳಿನ ವಿಷಯದಲ್ಲಿ ಅದೇ ತೀರ್ಪನ್ನು ಕೊಟ್ಟನು. ಆಗ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅನೇಕ ಕ್ಯಾಮರಾಗಳನ್ನು ಸುತ್ತಲೂ ಇಟ್ಟು ಪರೀಕ್ಷಿಸಿ ಕಂಡುಕೊಂಡ ಸಂಗತಿಯು ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು: ಮುರಳೀಧರನನ ಮೊಣಕೈ ಹುಟ್ಟಿನಿಂದಲೇ ಪೂರ್ಣವಾಗಿ ನೆಟ್ಟಗಾಗದಂಥದು, ಬಾಗಿದ ತೋಳು ಭುಜದಿಂದ ತಿರುಗುತ್ತ ಬರುವಾಗ, ಒಂದೇ ದಿಕ್ಕಿನಿಂದ ನೋಡುವವನಿಗೆ ಅದು ನೆಟ್ಟಗಾಗುತ್ತಿರುವಂತೆ ತೋರುವುದು. ಮುಂದೆ 2005ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯು ಎಲ್ಲ ಬೌಲರುಗಳಿಗೂ ಮೊಣಕೈ ನೆಟ್ಟಗಾಗುವುದಕ್ಕೆ 15 ಡಿಗ್ರಿಯ ಮಿತಿಯನ್ನು ವಿಧಿಸಿತು. ಆದುದರಿಂದ ಶಾಲೆಯ ಮೈದಾನದಲ್ಲಿ ಒಂದೇ ಫೋನು ಹಿಡಿದು ಹುಡುಗನೊಬ್ಬನು ಚೆಂಡನ್ನು ಎಸೆಯುತ್ತಿದ್ದಾನೆಂದು ನಿರ್ಣಯಿಸುವುದು ಸರ್ವಥಾ ಸಲ್ಲದು. ಆ ಪ್ರಶ್ನೆಯು ಪ್ರಯೋಗಾಲಯಕ್ಕೆ ಸೇರಿದುದು.

ಫೋನಿಗೆ ನಿಜವಾಗಿ ಸಲ್ಲುವ ಕಾರ್ಯವು ಬೇರೊಂದಿದೆ. ಅದರ ಹಾದಿಯನ್ನು ತೆರೆದದ್ದು ಬೆನ್ನುನೋವು. 1973ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸದಲ್ಲಿದ್ದ ಡೆನ್ನಿಸ್ ಲಿಲ್ಲಿಯ ಸೊಂಟದ ಭಾಗದ ಬೆನ್ನೆಲುಬಿನಲ್ಲಿ ಬಿರುಕುಗಳು ಕಂಡುಬಂದುವು. ಅವನ ಊರಾದ ಪರ್ತಿನಲ್ಲಿಯೇ ಡ್ಯಾರಿಲ್ ಫಾಸ್ಟರ್, ಬ್ರೂಸ್ ಎಲಿಯಟ್ ಮೊದಲಾದವರು 82 ಮಂದಿ ತರುಣ ವೇಗದ ಬೌಲರುಗಳನ್ನು ಒಂದು ಋತುವಿನ ಪರ್ಯಂತ ಗಮನಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನವು ದೋಷದ ನೆಲೆಯನ್ನು ಸ್ಪಷ್ಟವಾಗಿ ಗುರುತಿಸಿತು. ಹಿಂಗಾಲು ಊರಿದಾಗ ಎದೆಯನ್ನು ಬ್ಯಾಟ್ಸ್‌ಮನ್ನಿನ ಕಡೆಗೆ ತೆರೆದಿಟ್ಟು, ಮುಂಗಾಲು ಊರುವಷ್ಟರೊಳಗೆ ಭುಜಗಳನ್ನು ಮಾತ್ರ 40 ಡಿಗ್ರಿಗಿಂತ ಹೆಚ್ಚಾಗಿ ಹಿಂದಕ್ಕೆ ತಿರುಗಿಸಿ ಪಕ್ಕಕ್ಕೆ ಮಾಡಿಕೊಳ್ಳುವ ಬೌಲರುಗಳಿಗೇ ಬೆನ್ನಿನ ಪೆಟ್ಟು ಹೆಚ್ಚು. ಸೊಂಟವು ಒಂದು ದಿಕ್ಕಿಗೂ ಭುಜವು ಇನ್ನೊಂದು ದಿಕ್ಕಿಗೂ ಇರುವ ಈ ಪದ್ಧತಿಗೆ ಕೋಚುಗಳು ಮಿಕ್ಸ್ಡ್ ಆಕ್ಷನ್ ಎನ್ನುವರು. ಪೂರ್ಣವಾಗಿ ಸೈಡ್-ಆನ್ ಆಗಿರುವುದರಲ್ಲಿಯೂ ದೋಷವಿಲ್ಲ, ಪೂರ್ಣವಾಗಿ ಫ್ರಂಟ್-ಆನ್ ಆಗಿರುವುದರಲ್ಲಿಯೂ ದೋಷವಿಲ್ಲ. ಎರಡರ ನಡುವೆ ಬೆನ್ನನ್ನು ತಿರುಚುವುದರಲ್ಲಿಯೇ ಅಪಾಯವಿರುವುದು. 1987ರಲ್ಲಿ ಚೆನ್ನೈಯಲ್ಲಿ ಸ್ಥಾಪಿತವಾದ ಎಂಆರ್‌ಎಫ್ ಪೇಸ್ ಫೌಂಡೇಶನ್ನಿಗೆ ಲಿಲ್ಲಿಯೇ ಗುರುವಾಗಿ ಬಂದನು. ನಮ್ಮ ಜಾವಗಲ್ ಶ್ರೀನಾಥರೂ ವೆಂಕಟೇಶ ಪ್ರಸಾದರೂ ಅಲ್ಲಿ ಅಭ್ಯಾಸ ಮಾಡಿದವರು.

ಆದರೂ ವಿಜ್ಞಾನವು ಕಂಡುಕೊಂಡದ್ದು ಹಾಸನದ ಅಥವಾ ರಾಯಚೂರಿನ ಶಾಲೆಯ ಮೈದಾನಕ್ಕೆ ಬರುವುದಕ್ಕೆ ಅಡ್ಡಿಯಾಗಿದ್ದುದು ಉಪಕರಣದ ಬೆಲೆ. 2008ರ ಸುಮಾರಿಗೆ ಕ್ಯಾಸಿಯೊ ಸಂಸ್ಥೆಯ ಕೈಕ್ಯಾಮರಾಗಳು ಸೆಕೆಂಡಿಗೆ 300 ಚಿತ್ರಗಳನ್ನು ಹಿಡಿಯಲಾರಂಭಿಸಿದುವು. 2013ರಲ್ಲಿ ಐಫೋನು 120 ಚಿತ್ರಗಳನ್ನೂ ಮರುವರ್ಷ 240 ಚಿತ್ರಗಳನ್ನೂ ಹಿಡಿಯುವಂತಾಯಿತು. ಅನಂತರ ಈ ಸೌಕರ್ಯವು ಕಡಿಮೆ ಬೆಲೆಯ ಫೋನುಗಳಿಗೂ ಇಳಿದುಬಂದಿತು. ಇದರಿಂದಾದ ಲಾಭವನ್ನು ಸರಳವಾದ ಗಣಿತದಿಂದ ತಿಳಿಯಬಹುದು. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಬೌಲ್ ಮಾಡುವ ಹುಡುಗನ ಕೈ, ಚೆಂಡನ್ನು ಬಿಡುವ ಹೊತ್ತಿಗೆ ಸೆಕೆಂಡಿಗೆ 25 ಮೀಟರಿನ ಆಸುಪಾಸಿನಲ್ಲಿ ಚಲಿಸುತ್ತಿರುವುದು. ಸೆಕೆಂಡಿಗೆ 30 ಚಿತ್ರಗಳ ಸಾಮಾನ್ಯ ವಿಡಿಯೋದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಕೈ 83 ಸೆಂಟಿಮೀಟರ್ ಸಾಗಿಬಿಡುವುದರಿಂದ, ಚೆಂಡು ಕೈಬಿಟ್ಟ ಕ್ಷಣವು ಚಿತ್ರಕ್ಕೆ ಸಿಕ್ಕುವುದೇ ದುರ್ಲಭ. 240 ಚಿತ್ರಗಳಲ್ಲಿ ಆ ಅಂತರವು ಹತ್ತು ಸೆಂಟಿಮೀಟರಿಗೆ ಇಳಿಯುವುದು.

ಆದರೆ ಚಿತ್ರಗಳ ಸಂಖ್ಯೆಯೊಂದೇ ಸಾಲದು. ಒಂದೊಂದು ಚಿತ್ರಕ್ಕೂ ಬೆಳಕನ್ನು ಒಳಬಿಡುವ ಕಾಲವು ದೀರ್ಘವಾದರೆ ಕೈ ಮಂಜಾಗಿ ಕಾಣುವುದು. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹ್ರಸ್ವವಾದ ಕಾಲವನ್ನು ಫೋನಿನಲ್ಲಿ ಗೊತ್ತುಮಾಡಿಕೊಂಡರೆ ಮಂಜು ಎರಡೂವರೆ ಸೆಂಟಿಮೀಟರಿಗೆ ಮಿತವಾಗುವುದು, ಆದರೆ ಅದಕ್ಕೆ ಒಳ್ಳೆಯ ಬಿಸಿಲು ಬೇಕು. ಒಳಾಂಗಣದ ನೆಟ್ಸಿನಲ್ಲಿ ನಮ್ಮ ವಿದ್ಯುದ್ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುವುದರಿಂದ ವಿಡಿಯೋದಲ್ಲಿ ಬೆಳಕು ಅಲೆಯಲೆಯಾಗಿ ಏರಿಳಿಯುವುದುಂಟು. ಕೆಲವು ಫೋನುಗಳು ತಾವು ಹಿಡಿಯದ ನಡುವಣ ಚಿತ್ರಗಳನ್ನು ಲೆಕ್ಕದಿಂದ ಕಲ್ಪಿಸಿ ಸೇರಿಸುವುವು; ಚೆಂಡಿನ ಅಂಚು ಎರಡಾಗಿ ಅಥವಾ ಬೆರಳುಗಳು ಕರಗಿದಂತೆ ಕಂಡರೆ ಅಂಥ ಚಿತ್ರವನ್ನು ನಂಬಬಾರದು. ಕ್ಯಾಮರಾವನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿನ ಮೇಲೆ, ಹುಡುಗನ ಸೊಂಟದ ಎತ್ತರಕ್ಕೆ, ಹತ್ತು ಮೀಟರಿನಷ್ಟು ದೂರದಲ್ಲಿಟ್ಟು, ಫೋಕಸ್ ನೆಟ್ಟಿನ ಹೆಣಿಗೆಯ ಮೇಲೆ ನಿಲ್ಲದಂತೆ ಕ್ರೀಸಿನ ಮೇಲೆ ಬಂಧಿಸಬೇಕು. ಪಕ್ಕದಿಂದ ತೆಗೆಯುವಾಗ ಕ್ಯಾಮರಾ ಪಾಪಿಂಗ್ ಕ್ರೀಸಿನ ನೇರದಲ್ಲಿ ಇಲ್ಲದಿದ್ದರೆ ಬಾಗಿದ ಮೊಣಕಾಲು ನೆಟ್ಟಗೆ ಇರುವಂತೆ ಕಂಡು, ಸುಳ್ಳು ತಿದ್ದುಪಡಿಗೆ ಕಾರಣವಾಗುವುದು.

ಈಗ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಹದಿನೈದು ವರ್ಷದ ಬಲಗೈ ಬೌಲರನೊಬ್ಬನ ಚೆಂಡು ಪದೇ ಪದೇ ಲೆಗ್ ಸ್ಟಂಪಿನ ಹೊರಗೆ ಹೋಗುತ್ತಿದೆ. ನೋಡುವವರೆಲ್ಲರೂ ಕೈ ಬೇಗ ಬಿಡುತ್ತಿದ್ದಾನೆ ಎನ್ನುತ್ತಾರೆ. ಬ್ಯಾಟ್ಸ್‌ಮನ್ನಿನ ತುದಿಯಲ್ಲಿ ನೆಟ್ಟಿನ ಹಿಂದೆ ಫೋನನ್ನಿಟ್ಟು ಆರು ಎಸೆತಗಳನ್ನು ಹಿಡಿದು, ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ ಹೋದಾಗ, ಹಿಂಗಾಲು ಊರಿದ ಚಿತ್ರದಲ್ಲಿ ಪಾದದ ಬೆರಳು ನೇರವಾಗಿ ಬ್ಯಾಟ್ಸ್‌ಮನ್ನಿನ ಕಡೆಗಿದ್ದು ಎದೆಯ ಅಗಲವೆಲ್ಲ ಕಾಣುತ್ತದೆ. ಮುಂದಿನ ಮೂವತ್ತೈದು ನಲವತ್ತು ಚಿತ್ರಗಳೊಳಗೆ, ಅಂದರೆ ಮುಂಗಾಲು ನೆಲಕ್ಕೆ ತಾಗುವುದಕ್ಕೆ ಮೊದಲೇ, ಎಡಗೈ ದೇಹಕ್ಕೆ ಅಡ್ಡವಾಗಿ ಬಲಕ್ಕೆ ಹೋಗಿ, ಎಡಭುಜವನ್ನು ಎಳೆದುಕೊಂಡು, ಎದೆಯ ಅಗಲವು ಕಿರಿದಾಗುತ್ತದೆ. ಸೊಂಟದ ಪಟ್ಟಿ ಮಾತ್ರ ಇದ್ದಲ್ಲಿಯೇ ಇರುತ್ತದೆ. ಅನಂತರ ಭುಜಗಳು ಆ ತಿರುವನ್ನೆಲ್ಲ ಹಿಂದಿರುಗಿಸಬೇಕಾದುದರಿಂದ, ತಲೆ ಎಡಕ್ಕೆ ವಾಲಿ, ತೋಳು ದೇಹದ ಸುತ್ತ ಬಂದು, ಚೆಂಡು ಲೆಗ್ ಕಡೆಗೆ ಹೋಗುತ್ತದೆ. ದೋಷವು ಕೈಬಿಡುವುದರಲ್ಲಿ ಕಂಡಿತು. ಕಾರಣವು ಅದಕ್ಕಿಂತ ಬಹಳ ಮುಂಚೆ ಎಡಗೈಯಲ್ಲಿ ಇದ್ದಿತು. ತಿರುವಿನ ಡಿಗ್ರಿಯನ್ನು ಅಳೆಯಬೇಕಾದರೆ ತಲೆಯ ಮೇಲಿನಿಂದ ಚಿತ್ರ ಬೇಕಾಗುವುದಾದ್ದರಿಂದ, ಶಿಕ್ಷಕನು ಸಂಖ್ಯೆಯ ಆಸೆಯನ್ನು ಬಿಟ್ಟು, ತಿರುವು ಇದೆಯೇ ಇಲ್ಲವೇ ಎಂಬುದಕ್ಕೇ ತೃಪ್ತನಾಗಬೇಕು.

ಇಷ್ಟನ್ನು ಕಂಡ ಮೇಲೆ ಹೇಳಬೇಕಾದುದೆಷ್ಟು ಎಂಬುದೇ ಈ ವಿದ್ಯೆಯ ಅತ್ಯಂತ ಕಠಿಣವಾದ ಭಾಗ. ಇದಕ್ಕೆ ಉತ್ತರವು ಫೋನು ಹುಟ್ಟುವುದಕ್ಕೆ ಬಹುಮುಂಚೆಯೇ ದೊರಕಿದ್ದಿತು. ರಾತ್‌ಸ್ಟೀನ್ ಮತ್ತು ಆರ್ನಲ್ಡ್ ಎಂಬ ಸಂಶೋಧಕರು 1976ರಲ್ಲಿ ವಿಡಿಯೋಟೇಪಿನ ಬಳಕೆಯ ಕುರಿತ ಅಧ್ಯಯನಗಳನ್ನೆಲ್ಲ ಪರಾಮರ್ಶಿಸಿ, ಎಲ್ಲಿ ನೋಡಬೇಕೆಂಬುದನ್ನು ಯಾರೂ ತೋರಿಸಿಕೊಡದಿದ್ದರೆ ಹೊಸಬರಿಗೆ ತಮ್ಮ ಚಿತ್ರವನ್ನು ನೋಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದೂ, ಒಂದೆರಡು ದಿನಗಳಲ್ಲದೆ ಕೆಲವು ವಾರಗಳ ಬಳಕೆ ಬೇಕೆಂದೂ ಹೇಳಿದರು. 1984ರಲ್ಲಿ ಸಾಲ್ಮೋನಿ, ಶ್ಮಿಟ್ ಮತ್ತು ವಾಲ್ಟರ್ ಎಂಬವರು, ಪ್ರತಿ ಪ್ರಯತ್ನಕ್ಕೂ ತಿದ್ದುತ್ತ ಹೋದರೆ ಅಭ್ಯಾಸದ ಹೊತ್ತಿನಲ್ಲಿ ಆಟವು ಸುಧಾರಿಸಿದಂತೆ ಕಂಡು, ತಿದ್ದುವವನು ಇಲ್ಲದ ದಿನ ಕುಸಿದುಬೀಳುವುದೆಂದು ವಾದಿಸಿದರು. 1997ರಲ್ಲಿ ಜಾನೆಲ್ ಮೊದಲಾದವರು ಎಡಗೈಯಿಂದ ಎಸೆಯುವುದನ್ನು ಬಲಗೈಯವರಿಗೆ ಕಲಿಸಿ ನೋಡಿದಾಗ, ತಮಗೆ ಬೇಕೆನಿಸಿದಾಗ ಮಾತ್ರ ವಿಡಿಯೋವನ್ನು ಕೇಳಿ ಪಡೆದವರೇ ಉಳಿದವರಿಗಿಂತ ಚೆನ್ನಾಗಿ ಕಲಿತರು. ಅವರು ಕೇಳಿದ್ದೂ ಕೆಲವೇ ಸಲ.

ಈ ಮೂರನ್ನು ನಮ್ಮ ಹುಡುಗನಿಗೆ ಅನ್ವಯಿಸಿದರೆ ಶಿಕ್ಷಣದ ಕ್ರಮವು ತಾನೇ ರೂಪುಗೊಳ್ಳುವುದು. ಚಿತ್ರವನ್ನು ಹಿಂಗಾಲಿನಲ್ಲಿ ಒಮ್ಮೆ, ಮುಂಗಾಲಿನಲ್ಲಿ ಒಮ್ಮೆ ನಿಲ್ಲಿಸಿ, “ನಿನ್ನ ಎದೆ ಎಷ್ಟು ಕಾಣುತ್ತಿದೆ, ನೋಡಪ್ಪ” ಎಂದು ಕೇಳಿ, ಉತ್ತರವನ್ನು ಆತನಿಂದಲೇ ಬರಿಸಬೇಕು. ಬೆನ್ನಿನ ಮಾತನ್ನಾಗಲಿ ಡಿಗ್ರಿಯ ಮಾತನ್ನಾಗಲಿ ಎತ್ತದೆ, “ಎಡಗೈಯನ್ನು ಕೀಪರನ ಕಡೆಗೆ ಎತ್ತು” ಎಂಬ ಒಂದೇ ಸೂಚನೆಯನ್ನು ಕೊಟ್ಟು, ನಾಲ್ಕು ಹೆಜ್ಜೆಯ ನಡಿಗೆಯಿಂದ ನಿಧಾನವಾಗಿ ಬೌಲ್ ಮಾಡಿಸಬೇಕು. ಮೊದಲ ಕೆಲವು ದಿನ ವೇಗವೂ ಗುರಿಯೂ ತಪ್ಪುವುದು ಸಹಜ. ಪೂರ್ಣ ರನ್-ಅಪ್ಪಿಗೆ ಹಿಂದಿರುಗಿದೊಡನೆ ಹಳೆಯ ತಿರುವು ಮರಳುವುದೂ ಉಂಟು. ಆದುದರಿಂದ ಎರಡು ವಾರಗಳ ಅನಂತರ, ಏನನ್ನೂ ಹೇಳದೆ, ದಣಿದ ಸ್ಪೆಲ್ಲಿನ ಕೊನೆಯ ಓವರನ್ನು ಅದೇ ಜಾಗದಿಂದ ಹಿಡಿದು ನೋಡಿದರೆ ಮಾತ್ರ ಕಲಿತದ್ದು ನಿಂತಿದೆಯೇ ಎಂಬುದು ತಿಳಿದೀತು. ಪರಸ್ಪರ ಸಂಬಂಧವಿಲ್ಲದ ಐದಾರು ದೋಷಗಳ ಮೇಲೆ ಬಣ್ಣದ ಗೆರೆಗಳನ್ನೆಳೆದು ಹುಡುಗನ ಫೋನಿಗೆ ಕಳಿಸಿಬಿಡುವ ಪದ್ಧತಿಯನ್ನು ನಾನು ಒಪ್ಪಲಾರೆ. ಗೆರೆಗಳನ್ನು ಎಳೆಯುವುದಕ್ಕೆ ಕಿನೋವಿಯಾದಂಥ ಉಚಿತ ತಂತ್ರಾಂಶವು ಸಾಕಾದರೂ, ಯಾವ ಗೆರೆಯನ್ನು ಎಳೆಯದೆ ಬಿಡಬೇಕೆಂಬುದನ್ನು ಶಿಕ್ಷಕನೇ ತೀರ್ಮಾನಿಸಬೇಕು.

ಹುಡುಗನು ಸೊಂಟದ ಒಂದು ಪಕ್ಕದಲ್ಲಿ, ವಿಶೇಷವಾಗಿ ಬೌಲ್ ಮಾಡುವ ಕೈಯ ಎದುರುಪಕ್ಕದಲ್ಲಿ, ನೋವೆಂದರೆ ಆ ದಿನವೇ ಬೌಲಿಂಗನ್ನು ನಿಲ್ಲಿಸಿ ವೈದ್ಯರಲ್ಲಿಗೆ ಕಳಿಸಬೇಕು. ಎಲುಬಿನ ಬಿರುಕು ಎಷ್ಟು ನಿಧಾನವಾದ ಚಿತ್ರದಲ್ಲಿಯೂ ಕಾಣದು.

ನಮ್ಮ ಶಾಲೆಗಳ ಕ್ರಿಕೆಟ್ ಶಿಕ್ಷಕರಲ್ಲಿ ಒಂದು ವಿಜ್ಞಾಪನೆ: ಪ್ರತಿಯೊಬ್ಬ ವೇಗದ ಬೌಲರನ ಆರು ಎಸೆತಗಳನ್ನು ಋತುವಿನ ಆದಿಯಲ್ಲಿಯೂ ಮಧ್ಯದಲ್ಲಿಯೂ ಅಂತ್ಯದಲ್ಲಿಯೂ ಒಂದೇ ಸ್ಥಳದಿಂದ ಹಿಡಿದು, ತಾರೀಖನ್ನೂ ಆ ವಾರ ಆತನು ಹಾಕಿದ ಚೆಂಡುಗಳ ಸಂಖ್ಯೆಯನ್ನೂ ಬರೆದಿಡಿರಿ, ಹುಡುಗನು ಮುಂದಿನ ಶಾಲೆಗೆ ಹೋಗುವಾಗ ಆ ದಾಖಲೆಯನ್ನು ಅಲ್ಲಿನ ಕೋಚಿನ ಕೈಗೆ ಕೊಡಿರಿ.