ಬಿಡಿಭಾಗ ಖರ್ಚಾದ ದಿನ ಯಾವುದು? ವಾರ್ಷಿಕ ನಿರ್ವಹಣಾ ಒಪ್ಪಂದದ ಲೆಕ್ಕ ಮತ್ತು ಇಆರ್‌ಪಿ ದಾಖಲೆಯ ದಿನಾಂಕಗಳು

ಸಾರಾಂಶ

ಯಂತ್ರಗಳ ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ (ಎಎಂಸಿ) ಬಿಡಿಭಾಗದ ಖರ್ಚಿಗೆ ಮೂರು ದಿನಾಂಕಗಳಿರುತ್ತವೆ: ಸ್ಟೋರಿನಿಂದ ಹೊರಬಿದ್ದ ದಿನ, ಯಂತ್ರಕ್ಕೆ ಜೋಡಣೆಯಾದ ದಿನ, ಕಂಪ್ಯೂಟರಿನಲ್ಲಿ ನಮೂದಾದ ದಿನ. ಗ್ರಾಹಕರಿಗೆ ಬಿಲ್ ಹಾಕಬೇಕೆ, ಆ ಖರ್ಚನ್ನು ಯಾವ ಒಪ್ಪಂದ ಹೊರಬೇಕು ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದದ್ದು ಎರಡನೆಯ ದಿನಾಂಕ. ರೂಢಿಯಲ್ಲಿ ಮೊದಲನೆಯದೋ ಮೂರನೆಯದೋ ಆ ಜಾಗದಲ್ಲಿ ಕುಳಿತಿರುತ್ತದೆ. ಇಆರ್‌ಪಿನೆಕ್ಸ್ಟ್ ಎಂಬ ಮುಕ್ತ ತಂತ್ರಾಂಶದ ದಾಖಲೆಗಳನ್ನು ಆಧರಿಸಿ, ಈ ಪಲ್ಲಟ ಹೇಗೆ ಆಗುತ್ತದೆ, ವರ್ಷದ ಮೊತ್ತದಲ್ಲಿ ಏಕೆ ಕಾಣುವುದಿಲ್ಲ, ತಡೆಯುವುದು ಹೇಗೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

1. ಪ್ರಶ್ನೆಯ ಸ್ವರೂಪ

ಎಎಂಸಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಎಂಜಿನಿಯರ್ ಭೇಟಿ ಮತ್ತು ಕೆಲಸದ ಕೂಲಿ ಮಾತ್ರ ಶುಲ್ಕದೊಳಗೆ ಸೇರಿರುತ್ತದೆ. ಬಿಡಿಭಾಗಕ್ಕೆ ಗ್ರಾಹಕರು ಪ್ರತ್ಯೇಕವಾಗಿ ಹಣ ಕೊಡುತ್ತಾರೆ. ಎರಡನೆಯದು ವ್ಯವಹಾರದಲ್ಲಿ ಕಾಂಪ್ರಹೆನ್ಸಿವ್ ಎನ್ನಿಸಿಕೊಳ್ಳುವ ಒಪ್ಪಂದ. ಇದರಲ್ಲಿ ಬಿಡಿಭಾಗವೂ ಶುಲ್ಕದೊಳಗೇ ಬರುತ್ತದೆ, ಆದರೆ ಹೊರಗಿಟ್ಟ ವಸ್ತುಗಳ ಪಟ್ಟಿಯೊಂದು ಜೊತೆಗಿರುತ್ತದೆ. ಯುಪಿಎಸ್ ಒಪ್ಪಂದಗಳಲ್ಲಿ ಬ್ಯಾಟರಿ ಸಾಮಾನ್ಯವಾಗಿ ಆ ಪಟ್ಟಿಯಲ್ಲೇ ಇರುತ್ತದೆ.

ಎರಡನೆಯ ಬಗೆಯಲ್ಲಿ ಸೇವಾ ಸಂಸ್ಥೆ ಶುಲ್ಕವನ್ನು ಮೊದಲೇ ಪಡೆದು, ವರ್ಷವಿಡೀ ಏನು ಕೆಟ್ಟರೂ ತಾನೇ ಹೊರುವ ಹೊಣೆ ಹೊತ್ತಿರುತ್ತದೆ. ನವೀಕರಣದ ಹೊತ್ತಿಗೆ ದರ ಏರಿಸಬೇಕೆ, ಅದೇ ದರದಲ್ಲಿ ಮುಂದುವರಿಯಬೇಕೆ ಎಂಬ ತೀರ್ಮಾನ, ಆ ಒಂದು ಯಂತ್ರ ಆ ಒಂದು ಅವಧಿಯಲ್ಲಿ ಎಷ್ಟು ಬಿಡಿಭಾಗ ನುಂಗಿತು ಎಂಬುದರ ಮೇಲೆ ನಿಂತಿದೆ. ಶುಲ್ಕದ ಆದಾಯವನ್ನು ತಿಂಗಳುಗಳಿಗೆ ಹಂಚುವುದು ತಂತ್ರಾಂಶಕ್ಕೆ ಸುಲಭ. ಒಪ್ಪಂದದ ಆರಂಭ ಮತ್ತು ಅಂತ್ಯ ಗೊತ್ತಿದ್ದರೆ ಸಾಕು. ಖರ್ಚು ಹಾಗಲ್ಲ. ಅದು ಎಂಜಿನಿಯರ್‌ನ ಚೀಲದ ಮೂಲಕ ಹಾದು ಬರುತ್ತದೆ, ದಿನಾಂಕಗಳು ಕಲಸಿಹೋಗುವುದು ಆ ದಾರಿಯಲ್ಲಿ.

2. ತಂತ್ರಾಂಶ ಏನನ್ನು ಬಲ್ಲದು

ಇಆರ್‌ಪಿನೆಕ್ಸ್ಟ್‌ನಲ್ಲಿ ಒಪ್ಪಂದದ ಅವಧಿ `Maintenance Schedule` ದಾಖಲೆಯಲ್ಲಿ ಕೂರುತ್ತದೆ. ಅದರ ಪ್ರತಿ ಸಾಲಿನಲ್ಲಿ ಯಂತ್ರ, ಆರಂಭದ ದಿನ, ಅಂತ್ಯದ ದಿನ, ಭೇಟಿಗಳ ಸಂಖ್ಯೆ ಇರುತ್ತವೆ. ಮೂರು ತಿಂಗಳಿಗೊಮ್ಮೆ ಎಂದು ಆರಿಸಿದರೆ ಭೇಟಿಯ ದಿನಗಳನ್ನು ತಂತ್ರಾಂಶವೇ ಹಾಕಿಕೊಡುತ್ತದೆ. ಎಂಜಿನಿಯರ್ ಹೋಗಿ ಬಂದದ್ದು `Maintenance Visit` ದಾಖಲೆಗೆ ಸೇರುತ್ತದೆ. ಭೇಟಿ ಪೂರ್ವನಿಗದಿತವೇ, ಯಂತ್ರ ಕೆಟ್ಟು ಕರೆ ಬಂದದ್ದೇ, ಏನು ಕೆಲಸವಾಯಿತು, ಪೂರ್ತಿ ಮುಗಿಯಿತೇ ಎಂಬುದೆಲ್ಲ ಅಲ್ಲಿದೆ. ಆದರೆ ಈ ದಾಖಲೆ ದಾಸ್ತಾನನ್ನು ಮುಟ್ಟುವುದಿಲ್ಲ. ಬಿಡಿಭಾಗ ಖರ್ಚಾಗಬೇಕಾದರೆ `Stock Entry` ಬೇರೆಯಾಗಿ ಆಗಬೇಕು. ಎರಡನ್ನೂ ಹೊಂದಿಸುವ ಕೊಂಡಿ ಸಂಸ್ಥೆಯೇ ಹಾಕಿಕೊಳ್ಳದಿದ್ದರೆ ಇರುವುದಿಲ್ಲ.

ಇನ್ನೊಂದು ಸಂಗತಿ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಯಂತ್ರದ `Serial No` ದಾಖಲೆಯಲ್ಲಿ ಎಎಂಸಿ ಮುಗಿಯುವ ದಿನ ಮಾತ್ರ ಇದೆ, ಆರಂಭದ ದಿನ ಇಲ್ಲ. ಹೊಸ ಒಪ್ಪಂದ ಸಲ್ಲಿಕೆಯಾದೊಡನೆ ಹಳೆಯ ಅಂತ್ಯದಿನದ ಮೇಲೆ ಹೊಸದು ಬಂದು ಕೂರುತ್ತದೆ. ತೆರೆಯ ಮೇಲಿನ `Under AMC`, `Out of AMC` ಎಂಬ ಸ್ಥಿತಿ ಆ ಅಂತ್ಯದಿನವನ್ನು ಇಂದಿನ ದಿನಾಂಕದೊಂದಿಗೆ ಹೋಲಿಸಿ ಬಂದದ್ದು. ಭೇಟಿಯ ದಿನದೊಂದಿಗೆ ಹೋಲಿಸಿದ್ದಲ್ಲ. ಬಿಲ್ ಹಾಕುವ ಸಿಬ್ಬಂದಿ ಈ ಸ್ಥಿತಿಯನ್ನು ನೋಡಿ ತೀರ್ಮಾನಿಸಿದರೆ, ಅವರು ಕೇಳಿದ ಪ್ರಶ್ನೆ ಒಂದು, ಸಿಕ್ಕ ಉತ್ತರ ಇನ್ನೊಂದು.

3. ಒಂದು ಪ್ರಕರಣ

ವಿವರಣೆಗಾಗಿ ಕಲ್ಪಿಸಿಕೊಂಡ ಪ್ರಕರಣ ಇದು, ಮೊತ್ತಗಳೂ ಕಲ್ಪಿತ. ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ 20 ಕೆವಿಎ ಯುಪಿಎಸ್ ಇದೆ. ಬ್ಯಾಟರಿ ಹೊರತುಪಡಿಸಿದ ಕಾಂಪ್ರಹೆನ್ಸಿವ್ ಒಪ್ಪಂದ 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗೆ; ತೆರಿಗೆ ಬಿಟ್ಟು ಶುಲ್ಕ 48,000 ರೂಪಾಯಿ. ನವೀಕರಣದ ಮಾತುಕತೆ ಎಳೆದಾಡಿ, ಹೊಸ ಒಪ್ಪಂದ ಆರಂಭವಾದದ್ದು 2025ರ ಮೇ 16ಕ್ಕೆ, ಶುಲ್ಕ 52,000. ನಡುವಿನ ಒಂದೂವರೆ ತಿಂಗಳು ಯಂತ್ರಕ್ಕೆ ಯಾವ ಒಪ್ಪಂದವೂ ಇಲ್ಲ.

ಮಾರ್ಚ್ 24ರಂದು ಎಂಜಿನಿಯರ್ ಸ್ಟೋರಿನಿಂದ ತಲಾ 1,800 ರೂಪಾಯಿಯ ನಾಲ್ಕು ಕೂಲಿಂಗ್ ಫ್ಯಾನ್‌ಗಳನ್ನೂ 9,400 ರೂಪಾಯಿಯ ಒಂದು ಕೆಪಾಸಿಟರ್ ಸೆಟ್ಟನ್ನೂ ಪಡೆಯುತ್ತಾರೆ. ಮಾರ್ಚ್ 28ರಂದು ಯುಪಿಎಸ್ ಬಿಸಿಯೇರಿ ನಿಂತಾಗ ಎರಡು ಫ್ಯಾನ್ ಮತ್ತು ಕೆಪಾಸಿಟರ್ ಸೆಟ್ ಜೋಡಿಸುತ್ತಾರೆ: ಒಟ್ಟು 13,000 ರೂಪಾಯಿ. ಉಳಿದ ಎರಡು ಫ್ಯಾನ್ ಚೀಲದಲ್ಲೇ ಇವೆ. ಗ್ರಾಹಕರ ಸಹಿ ಬಿದ್ದ ಸರ್ವೀಸ್ ರಿಪೋರ್ಟ್ ಕಚೇರಿ ತಲುಪಿ ನಮೂದಾಗುವುದು ಏಪ್ರಿಲ್ 3ಕ್ಕೆ. ಏಪ್ರಿಲ್ 20ರಂದು ಮತ್ತೆ ಕರೆ ಬರುತ್ತದೆ. 14,000 ರೂಪಾಯಿಯ ಕಂಟ್ರೋಲ್ ಕಾರ್ಡ್ ಬದಲಾಗುತ್ತದೆ. ಅದರ ರಿಪೋರ್ಟ್ ನಮೂದಾಗುವುದು ಮೇ 20ಕ್ಕೆ.

ಸ್ಟೋರಿನಿಂದ ಹೊರಬಿದ್ದದ್ದನ್ನೇ ಖರ್ಚು ಎಂದು ಬರೆಯುವ ಸಂಸ್ಥೆಯಲ್ಲಿ ಮಾರ್ಚ್ 24ಕ್ಕೇ 16,600 ರೂಪಾಯಿ ಹೋಗಿಬಿಟ್ಟಿರುತ್ತದೆ. ಚೀಲದಲ್ಲಿರುವ ಎರಡು ಫ್ಯಾನ್‌ಗಳು ಪುಸ್ತಕದಲ್ಲಿ ಎಲ್ಲೂ ಇರುವುದಿಲ್ಲ. ಮುಂದೊಂದು ದಿನ ಅವು ಬೇರೆ ಗ್ರಾಹಕರ ಯಂತ್ರಕ್ಕೆ ಹೋದರೂ ಖರ್ಚು ಈ ಯಂತ್ರದ ಹೆಸರಲ್ಲೇ ಉಳಿಯುತ್ತದೆ.

ನಮೂದಿಸಿದ ದಿನವನ್ನು ನೆಚ್ಚುವ ಸಂಸ್ಥೆಯಲ್ಲಿ ತಪ್ಪು ಬೇರೆ ಬಗೆಯದು. ಏಪ್ರಿಲ್ 3ರಂದು ತೆರೆ `Out of AMC` ತೋರಿಸುತ್ತದೆ. ಹಾಗಾಗಿ ಶುಲ್ಕದೊಳಗೇ ಬರಬೇಕಿದ್ದ 13,000 ರೂಪಾಯಿಯ ಸಾಮಾನಿಗೆ ಗ್ರಾಹಕರಿಗೆ ಬಿಲ್ ಹೋಗುತ್ತದೆ. ಮೇ 20ರ ಹೊತ್ತಿಗೆ ಹೊಸ ಒಪ್ಪಂದ ಜಾರಿಯಲ್ಲಿದೆ. ತೆರೆ `Under AMC` ಎನ್ನುತ್ತದೆ. ಒಪ್ಪಂದವೇ ಇಲ್ಲದ ದಿನ ಹಾಕಿದ 14,000 ರೂಪಾಯಿಯ ಕಾರ್ಡು ಉಚಿತವಾಗಿ ಹೋಗುತ್ತದೆ.

ಸಂಸ್ಥೆ ಹೊರಬೇಕಿದ್ದದ್ದು 13,000, ಹೊತ್ತದ್ದು 14,000. ಗ್ರಾಹಕರಿಂದ ಪಡೆಯಬೇಕಿದ್ದದ್ದು 14,000ದ ಸಾಮಾನಿನ ಬೆಲೆ, ಪಡೆದದ್ದು 13,000ದ್ದು. ಎರಡೂ ತೀರ್ಮಾನ ತಲೆಕೆಳಗಾದರೂ ಒಟ್ಟು ಮೊತ್ತದಲ್ಲಿ ಉಳಿಯುವ ವ್ಯತ್ಯಾಸ ಖರೀದಿ ಬೆಲೆಯ ಲೆಕ್ಕದಲ್ಲಿ ಸಾವಿರ ರೂಪಾಯಿ. ವರ್ಷದ ಕೊನೆಯ ತಾಳೆಯಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಪ್ಪಂದವಾರು ನೋಡಿದಾಗ ಮಾತ್ರ ಚಿತ್ರ ಬದಲಾಗುತ್ತದೆ. ಹಳೆಯ ಒಪ್ಪಂದ 48,000 ರೂಪಾಯಿ ಪೂರ್ತಿ ಉಳಿಸಿದಂತೆ ಕಾಣುತ್ತದೆ, ನಿಜದಲ್ಲಿ ಉಳಿದದ್ದು 35,000. ಹೊಸ ಒಪ್ಪಂದ ಐದನೆಯ ದಿನಕ್ಕೇ 14,000 ಕಳೆದುಕೊಂಡಂತೆ ಕಾಣುತ್ತದೆ, ನಿಜದಲ್ಲಿ ಅದರ ಮೇಲೆ ಬಿಡಿಭಾಗದ ಖರ್ಚು ಇನ್ನೂ ಶೂನ್ಯ. ಮುಂದಿನ ನವೀಕರಣದ ದರ ಈ ಅಂಕಿಗಳ ಮೇಲೆಯೇ ನಿರ್ಧಾರವಾಗುವುದು.

4. ದಾಖಲೆಯನ್ನು ಹೇಗೆ ಕಟ್ಟಬೇಕು

ಮೊದಲ ಹೆಜ್ಜೆ, ಪ್ರತಿ ಎಂಜಿನಿಯರ್‌ನ ಚೀಲವನ್ನೂ ಒಂದು ಗೋದಾಮು ಎಂದು ತಂತ್ರಾಂಶದಲ್ಲಿ ತೆರೆಯುವುದು. ಸ್ಟೋರಿನಿಂದ ಸಾಮಾನು ಕೊಟ್ಟಾಗ `Material Transfer` ಆಗುತ್ತದೆ. ಸರಕು ಒಂದು ಗೋದಾಮಿನಿಂದ ಇನ್ನೊಂದಕ್ಕೆ ಹೋಯಿತೇ ಹೊರತು ಖರ್ಚಾಗಿಲ್ಲ. ಯಂತ್ರಕ್ಕೆ ಜೋಡಿಸಿದಾಗ ಆ ಗೋದಾಮಿನಿಂದ `Material Issue` ಆಗುತ್ತದೆ. ಖರ್ಚಿನ ಖಾತೆಗೆ ಮೊತ್ತ ಬೀಳುವುದು ಆಗಲೇ. ಬಿಚ್ಚಿ ತಂದ ಕೆಟ್ಟ ಭಾಗವನ್ನು ಶೂನ್ಯ ಬೆಲೆಗೆ ಪ್ರತ್ಯೇಕ ಗೋದಾಮಿಗೆ ಸೇರಿಸಿಕೊಂಡರೆ, ಹೊಸದು ನಿಜಕ್ಕೂ ಜೋಡಣೆಯಾಯಿತು ಎಂಬುದಕ್ಕೆ ಸಾಕ್ಷಿಯೂ ಸಿಗುತ್ತದೆ.

ಎರಡನೆಯ ಹೆಜ್ಜೆ, ಖರ್ಚಿನ ಸಾಲಿಗೆ ಯಂತ್ರದ ಗುರುತು ಅಂಟಿಸುವುದು. `Stock Entry` ಸಾಲಿನಲ್ಲಿ ಈಗಾಗಲೇ ಇರುವ `Serial No` ಅಂಕಣ ಬಿಡಿಭಾಗದ್ದು, ಗ್ರಾಹಕರ ಯಂತ್ರದ್ದಲ್ಲ. ಅಲ್ಲಿ ಯಂತ್ರದ ಸಂಖ್ಯೆ ತುಂಬಲು ಹೋಗಿ ಗೊಂದಲ ಮಾಡಿಕೊಳ್ಳುವ ಬದಲು ಯಂತ್ರಕ್ಕೆ ಒಂದು, ಭೇಟಿಯ ದಾಖಲೆಗೆ ಒಂದು ಎಂದು ಎರಡು ಹೊಸ ಅಂಕಣಗಳನ್ನು ಸೇರಿಸಿಕೊಳ್ಳಬೇಕು. ಒಪ್ಪಂದ ಯಾವ ಬಗೆಯದು, ಏನನ್ನು ಹೊರಗಿಟ್ಟಿದೆ ಎಂಬುದಕ್ಕೂ `Maintenance Schedule`ನಲ್ಲಿ ಅಂಕಣ ಬೇಕು. ದಿನಾಂಕ ಸರಿಯಿದ್ದ ಮಾತ್ರಕ್ಕೆ ಬ್ಯಾಟರಿ ಉಚಿತವಾಗುವುದಿಲ್ಲವಷ್ಟೆ.

ಮೂರನೆಯದು, ಒಪ್ಪಂದ ಇದೆಯೇ ಎಂಬುದನ್ನು ತೆರೆಯ ಸ್ಥಿತಿಯಿಂದಲ್ಲದೆ ಭೇಟಿಯ ದಿನದಿಂದ ತೀರ್ಮಾನಿಸುವುದು. ಸಾಲಿಗೊಂದೇ ಯಂತ್ರ ಬರೆಯುವ ಶಿಸ್ತು ಇಟ್ಟುಕೊಂಡರೆ ಇಷ್ಟು ಸಾಕು:

```sql
SELECT ms.name
FROM `tabMaintenance Schedule` ms
JOIN `tabMaintenance Schedule Item` msi
  ON msi.parent = ms.name
WHERE ms.docstatus = 1
  AND msi.serial_no = %(machine)s
  AND %(visit_date)s
      BETWEEN msi.start_date AND msi.end_date
```

ಮೇಲಿನ ಪ್ರಕರಣದಲ್ಲಿ ಮಾರ್ಚ್ 28ಕ್ಕೆ ಇದು ಹಳೆಯ ಒಪ್ಪಂದವನ್ನು ಕೊಡುತ್ತದೆ, ಏಪ್ರಿಲ್ 20ಕ್ಕೆ ಏನನ್ನೂ ಕೊಡುವುದಿಲ್ಲ. ಯಾವತ್ತು ಕೇಳಿದರೂ ಉತ್ತರ ಬದಲಾಗುವುದಿಲ್ಲ.

5. ಪತ್ತೆ ಮತ್ತು ಮಿತಿ

ವ್ಯವಸ್ಥೆ ಹಳಿ ತಪ್ಪಿದೆಯೇ ಎಂದು ತಿಳಿಯಲು ಭೇಟಿಯ ದಿನವನ್ನೂ (`mntc_date`) ದಾಖಲೆ ಹುಟ್ಟಿದ ದಿನವನ್ನೂ (`creation`) ಅಕ್ಕಪಕ್ಕ ಇಟ್ಟು ನೋಡಬೇಕು. ಅಂತರ ದೊಡ್ಡದಿದ್ದು ನಡುವೆ ಒಪ್ಪಂದದ ಅಂತ್ಯವೋ ಆರಂಭವೋ ಬಿದ್ದಿದ್ದರೆ ಆ ಬಿಲ್ಲನ್ನು ಮರುಪರಿಶೀಲಿಸಬೇಕು. ಕೆಲಸದ ವಿವರಣೆಯಲ್ಲಿ ‘ಫ್ಯಾನ್ ಬದಲಾಯಿಸಿದೆ’ ಎಂದಿದ್ದೂ ಅದಕ್ಕೆ ಕೊಂಡಿಯಾದ ಖರ್ಚಿನ ಸಾಲು ಇಲ್ಲದ ಭೇಟಿಗಳು ಇನ್ನೊಂದು ಸುಳಿವು.

ಮೂರನೆಯ ಸುಳಿವು ನಿಯಂತ್ರಣದಿಂದಲೇ ಹುಟ್ಟುವಂಥದ್ದು. ಋಣ ದಾಸ್ತಾನಿಗೆ ಅವಕಾಶವಿಲ್ಲದಂತೆ ಇಟ್ಟರೆ, ಚೀಲದ ಗೋದಾಮಿನಲ್ಲಿ ಇಲ್ಲದ ಸಾಮಾನನ್ನು ಖರ್ಚು ಹಾಕಲು ತಂತ್ರಾಂಶ ಒಪ್ಪುವುದಿಲ್ಲ. ಇದು ಬೇಕಾದ ಬಿಗಿಯೇ. ಆದರೆ ಎಂಜಿನಿಯರ್‌ಗಳು ಕೆಲಸದ ಜಾಗದಲ್ಲಿ ಒಬ್ಬರಿಂದೊಬ್ಬರು ಸಾಮಾನು ಕಡ ಪಡೆಯುತ್ತಾರೆ. ಆ ವರ್ಗಾವಣೆ ದಾಖಲಾಗಿಲ್ಲದಿದ್ದರೆ, ತನ್ನ ಹೆಸರಲ್ಲಿರುವ ಬೇರೊಂದು ಸಾಮಾನಿನ ಕೋಡ್ ಹಾಕಿ ರಿಪೋರ್ಟ್ ಮುಗಿಸುವ ದಾರಿ ತೆರೆದುಕೊಳ್ಳುತ್ತದೆ. ಒಬ್ಬರ ಗೋದಾಮಿನಲ್ಲಿ ಒಂದು ಭಾಗ ತಿಂಗಳುಗಟ್ಟಲೆ ಅಲುಗದೆ ಇದ್ದು, ಭೌತಿಕ ಎಣಿಕೆಯಲ್ಲಿ ಸಿಗದಿದ್ದರೆ ಈ ಅನುಮಾನ ಪಡಬೇಕು. ಎಂಜಿನಿಯರಿಂದ ಎಂಜಿನಿಯರಿಗೆ ವರ್ಗಾವಣೆಯನ್ನು ಮೊಬೈಲಿನಲ್ಲೇ ಮಾಡಲು ಬಿಡುವುದು ಇದಕ್ಕೆ ಮದ್ದು.

ತಡವಾಗಿ ಬಂದ ರಿಪೋರ್ಟನ್ನು ಹಿಂದಿನ ದಿನಾಂಕಕ್ಕೆ ಹಾಕಿದರೆ ಸಾಲದೇ ಎಂದು ಕೇಳಬಹುದು. ತಂತ್ರಾಂಶದಲ್ಲಿ ಅದು ಸಾಧ್ಯ. ಹಾಗೆ ಮಾಡಿದಾಗ ನಂತರದ ನಮೂದುಗಳ ದಾಸ್ತಾನು ಮೌಲ್ಯವನ್ನು ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ಹಣಕಾಸು ವರ್ಷ ಮುಗಿದು ಲೆಕ್ಕಪತ್ರ ವಿಭಾಗ ದಾಸ್ತಾನನ್ನು ಮಾರ್ಚ್ 31ರವರೆಗೆ ಬಂದ್ ಮಾಡಿದ ಮೇಲೆ ಆ ಬಾಗಿಲೂ ಮುಚ್ಚುತ್ತದೆ. ಆದ್ದರಿಂದ ಎರಡು ದಿನಾಂಕಗಳಿಗೂ ಬೇರೆ ಬೇರೆ ಕೆಲಸ ವಹಿಸುವುದೇ ಸರಿ. `posting_date` ಹಣಕಾಸಿನ ಪುಸ್ತಕಕ್ಕೆ ಸೇರಿದ್ದು. ಅದು ಏಪ್ರಿಲ್ 3 ಆದರೂ ಚಿಂತೆಯಿಲ್ಲ. ಬಿಲ್ಲಿನ ತೀರ್ಮಾನ ಮತ್ತು ಒಪ್ಪಂದದ ಲಾಭ ವರದಿ ಕೊಂಡಿಯ ಮೂಲಕ ಭೇಟಿಯ ದಿನವನ್ನು ಓದಿಕೊಳ್ಳಬೇಕು. ಆಗ ಒಪ್ಪಂದದ ವರದಿಯೂ ವರ್ಷದ ಖರ್ಚಿನ ಖಾತೆಯೂ ಅಂಕಿಯಿಂದ ಅಂಕಿಗೆ ಹೊಂದುವುದಿಲ್ಲ. ವ್ಯತ್ಯಾಸ ಎಷ್ಟು, ಯಾವ ಭೇಟಿಗಳದ್ದು ಎಂಬ ತಾಳೆಪಟ್ಟಿಯನ್ನು ಪ್ರತಿ ವರ್ಷಾಂತ್ಯಕ್ಕೆ ಇಡಬೇಕಾಗುತ್ತದೆ.

6. ಉಪಸಂಹಾರ

ಈ ವಿನ್ಯಾಸ ಸರ್ವೀಸ್ ರಿಪೋರ್ಟಿನ ದಿನಾಂಕವನ್ನು ಸತ್ಯವೆಂದು ಒಪ್ಪಿಕೊಂಡು ನಡೆಯುತ್ತದೆ. ರಿಪೋರ್ಟಿನಲ್ಲೇ ದಿನಾಂಕ ತಿದ್ದಿದರೆ ಇದಾವುದೂ ಹಿಡಿಯಲಾರದು. ಗ್ರಾಹಕರ ಸಹಿಯ ಪಕ್ಕದಲ್ಲಿ ಅವರೇ ದಿನಾಂಕ ಬರೆಯಬೇಕೆಂಬ ನಿಯಮ ಹಾಗಾಗಿ ಕಾಗದದ ಕಾಲದ ಉಳಿಕೆಯಲ್ಲ, ಇಡೀ ಲೆಕ್ಕದ ತಳಪಾಯ. ಅದರ ಮೇಲೆ ನಿಂತು ನೋಡಿದರೆ ನವೀಕರಣದ ದರಚರ್ಚೆಯಲ್ಲಿ ಸಂಸ್ಥೆ ಇಡಬಹುದಾದ ಅಂಕಿ ಒಂದೇ: ಒಪ್ಪಂದ ಜಾರಿಯಲ್ಲಿದ್ದ ದಿನಗಳಲ್ಲಿ ಆ ಯಂತ್ರದೊಳಗೆ ನಿಜಕ್ಕೂ ಹೋದ ಬಿಡಿಭಾಗಗಳ ಬೆಲೆ.