ದೊಡ್ಡ ಯೋಜನೆಯಿಂದ ಎರಡು ವಾರದ ಸ್ಪ್ರಿಂಟ್‌ವರೆಗೆ

ಆಳಂದ, ಅಫಜಲಪುರ, ಜೇವರ್ಗಿಯ ರೈತರು ಇವತ್ತು ಪಡೆಯುವ ಕಂಪ್ಯೂಟರ್ ಪಹಣಿಯ ಹಿಂದೆ ಸೋತ ಯೋಜನೆಯೊಂದಿದೆ. 1990ರ ದಶಕದಲ್ಲಿ ಭೂದಾಖಲೆಗಳನ್ನು ಗಣಕೀಕರಿಸುವ ಯೋಜನೆಗೆ ಜಿಲ್ಲೆ ಜಿಲ್ಲೆಗೂ ಮಂಜೂರಾತಿ ಸಿಕ್ಕಿತ್ತು. ಆದರೆ ತಾಲ್ಲೂಕು ಕಚೇರಿಗಳಲ್ಲಿ ಕಂಪ್ಯೂಟರ್ ಇಡುವ ವಿಚಾರ ಅದರಲ್ಲಿರಲಿಲ್ಲ. ಖಾತೆ ಬದಲಾಗುವುದು ತಾಲ್ಲೂಕಿನಲ್ಲಿ, ದಾಖಲೆ ಕುಳಿತಿರುವುದು ಬೇರೆಡೆ. ಹೀಗಾಗಿ ಎಂಟ್ರಿ ಮುಗಿಯುವಷ್ಟರಲ್ಲೇ ಅದು ಹಳತಾಗುತ್ತಿತ್ತು. ಮುಂದೆ ಬಂದ ‘ಭೂಮಿ’ ಮೊದಲು ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗವಾಗಿ, ಆಮೇಲೆ 177 ತಾಲ್ಲೂಕುಗಳಿಗೆ ಹಬ್ಬಿತು. ಭೂಮಿಯನ್ನು ಯಾರೂ ಸ್ಕ್ರಮ್ ಎಂದು ಕರೆದಿಲ್ಲ, ಕರೆಯಬೇಕಾಗಿಯೂ ಇಲ್ಲ. ಆದರೆ ಸ್ಕ್ರಮ್ ಹುಟ್ಟಿದ್ದು ಇದೇ ಬಗೆಯ ಸೋಲಿನಿಂದ: ಬಳಸುವ ಜಾಗದಲ್ಲಿ ಇಟ್ಟು ನೋಡದೆ ಕೊನೆಯವರೆಗೂ ಬರೆದಿಟ್ಟ ಯೋಜನೆಯಿಂದ.

ಮೊದಲು ಎಲ್ಲ ಬೇಡಿಕೆ, ನಂತರ ವಿನ್ಯಾಸ, ನಂತರ ಕೋಡ್, ಕೊನೆಗೆ ಪರೀಕ್ಷೆ ಎಂಬ ಕ್ರಮವನ್ನು ವಿನ್‌ಸ್ಟನ್ ರಾಯ್ಸ್ ಅವರ 1970ರ ಪ್ರಬಂಧದ ತಲೆಗೆ ಕಟ್ಟುವುದು ರೂಢಿ. ಅದೇ ಪ್ರಬಂಧದಲ್ಲಿ ಅವರು ಈ ನೇರ ಕ್ರಮ ಅಪಾಯದ್ದು ಎಂದು ಹೇಳಿದ್ದನ್ನು ಮಾತ್ರ ಯಾರೂ ನೆನೆಯುವುದಿಲ್ಲ. 1986ರಲ್ಲಿ ಜಪಾನಿನ ಟಕೆಯುಚಿ ಮತ್ತು ನೊನಾಕ ಅವರು ಹೋಂಡಾ, ಕ್ಯಾನನ್‌ನಂಥ ಕಂಪನಿಗಳಲ್ಲಿ ಒಂದೇ ತಂಡ ಮೊದಲಿನಿಂದ ಕೊನೆಯವರೆಗೆ ಜೊತೆಯಾಗಿ ದುಡಿಯುವುದನ್ನು ಕಂಡು, ಅದನ್ನು ರಗ್ಬಿ ಆಟಕ್ಕೆ ಹೋಲಿಸಿ ಬರೆದರು. 1993ರಲ್ಲಿ ಜೆಫ್ ಸದರ್‌ಲ್ಯಾಂಡ್ ಅದನ್ನು ಸಾಫ್ಟ್‌ವೇರ್‌ಗೆ ತಂದರು. 1995ರಲ್ಲಿ ಅವರೂ ಕೆನ್ ಶ್ವೇಬರ್ ಅವರೂ ಸ್ಕ್ರಮ್ಮನ್ನು ಸಮ್ಮೇಳನವೊಂದರಲ್ಲಿ ಮಂಡಿಸಿದರು. 2010ರಿಂದ ಇಬ್ಬರೂ ಸೇರಿ ‘ಸ್ಕ್ರಮ್ ಗೈಡ್’ ಎಂಬ ಚಿಕ್ಕ ಕೈಪಿಡಿ ಹೊರತರುತ್ತಿದ್ದಾರೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು 2020ರ ಆವೃತ್ತಿ.

ಕೈಪಿಡಿಯ ತಿದ್ದುಪಡಿಗಳಲ್ಲಿ ಎರಡು ಗಮನಾರ್ಹ. 2011ರಲ್ಲಿ, ಸ್ಪ್ರಿಂಟ್‌ಗೆ ಆಯ್ದ ಕೆಲಸ ತಂಡ ಕೊಟ್ಟ ಮಾತಲ್ಲ, ತಂಡದ ಅಂದಾಜು ಎಂದು ಬದಲಾಯಿತು. ಮೇಲಿನವರು ‘ಮಾತು ಕೊಟ್ಟಿದ್ದಿರಲ್ಲ’ ಎಂದು ಹಿಡಿದು ಕೇಳತೊಡಗಿದರೆ, ತಂಡಗಳು ಭಯಕ್ಕೆ ಕಡಿಮೆ ಕೆಲಸ ಒಪ್ಪುತ್ತವೆ, ಇಲ್ಲವೇ ಅರೆಬರೆ ಮಾಡಿ ‘ಮುಗಿಯಿತು’ ಎನ್ನುತ್ತವೆ. 2020ರಲ್ಲಿ ತಂಡದೊಳಗಿನ ಗೋಡೆ ಬಿತ್ತು. ಪ್ರಾಡಕ್ಟ್ ಓನರ್ ಒಂದು ಕಡೆ, ಮಾಡುವವರು ಇನ್ನೊಂದು ಕಡೆ ಎಂಬುದು ಹೋಗಿ, ಸಾಮಾನ್ಯವಾಗಿ ಹತ್ತು ಜನ ಮೀರದ ಒಂದೇ ತಂಡವಾಯಿತು. ಅದರಲ್ಲಿ ಮೂರು ಹೊಣೆ.

ಆ ಹೊಣೆಗಳನ್ನು ಒಂದು ಕಲ್ಪಿತ ತಂಡದ ಮೇಲೆ ಇಟ್ಟು ನೋಡೋಣ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ತೊಗರಿ ಬೆಳೆಗಾರರು ಬೆಂಬಲ ಬೆಲೆ ಖರೀದಿಗೆ ಮೊಬೈಲಿನಲ್ಲೇ ಹೆಸರು ಹಚ್ಚಲು ಒಂದು ಆ್ಯಪ್ ಬೇಕಾಗಿದೆ ಎಂದುಕೊಳ್ಳಿ. ಡಿಸೆಂಬರ್-ಜನವರಿಗೆ ರಾಶಿ ಶುರುವಾಗುತ್ತದೆ. ಆ ದಿನಾಂಕ ಯಾರ ಮಾತನ್ನೂ ಕೇಳುವುದಿಲ್ಲ. ಹಳೆಯ ಪದ್ಧತಿಯಲ್ಲಾದರೆ ಹತ್ತು ತಿಂಗಳ ಯೋಜನೆ, ದಪ್ಪನೆಯ ದಾಖಲೆ, ಕೊನೆಯ ತಿಂಗಳಲ್ಲಿ ಪರೀಕ್ಷೆ. ಸ್ಕ್ರಮ್ಮಿನಲ್ಲಿ ದಿನಾಂಕ ಹಾಗೇ ನಿಲ್ಲುತ್ತದೆ, ಕೆಲಸದ ವ್ಯಾಪ್ತಿ ಮಾತ್ರ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಯಾವುದು ಉಳಿಯಬೇಕು, ಯಾವುದು ಬಿಡಬೇಕು ಎಂದು ತೀರ್ಮಾನಿಸುವವರು ಪ್ರಾಡಕ್ಟ್ ಓನರ್. ಇದು ಒಬ್ಬರೇ ವ್ಯಕ್ತಿಯ ಹೊಣೆ, ಸಮಿತಿಯದ್ದಲ್ಲ. ಹೇಗೆ ಮಾಡುವುದು, ಒಂದು ಸ್ಪ್ರಿಂಟ್‌ನಲ್ಲಿ ಎಷ್ಟು ಹಿಡಿಯುತ್ತದೆ ಎಂಬುದು ಡೆವಲಪರ್‌ಗಳ ಮಾತು. ಪರೀಕ್ಷೆ ಮಾಡುವವರೂ ಇದರಲ್ಲೇ ಬಂದರು. ಸ್ಕ್ರಮ್ ಮಾಸ್ಟರ್ ಮೇಲ್ವಿಚಾರಕರಲ್ಲ. ಪದ್ಧತಿ ಸರಿಯಾಗಿ ನಡೆಯುವಂತೆ ನೋಡಿಕೊಂಡು, ತಂಡದ ದಾರಿಗೆ ಅಡ್ಡ ಬಂದದ್ದನ್ನು ತೆಗೆಸುವುದು ಅವರ ಕೆಲಸ.

ಮಾಡಬೇಕಾದ ಎಲ್ಲವೂ ಆದ್ಯತೆಯ ಕ್ರಮದಲ್ಲಿ ಇರುವ ಪಟ್ಟಿಯೇ ಪ್ರಾಡಕ್ಟ್ ಬ್ಯಾಕ್‌ಲಾಗ್. ದೀರ್ಘ ಯೋಜನೆಯಿಂದ ಬಂದ ತಂಡಗಳು ಹಳೆಯ ದಾಖಲೆಯನ್ನೇ ತುಂಡರಿಸಿ ಈ ಪಟ್ಟಿಗೆ ಸುರಿಯುತ್ತವೆ. ಆಗ ಹೆಸರು ಬದಲಾಗುತ್ತದೆಯೇ ಹೊರತು ಯೋಜನೆ ಅದೇ. ವ್ಯತ್ಯಾಸ ಶುರುವಾಗುವುದು ರಿಫೈನ್‌ಮೆಂಟ್‌ನಲ್ಲಿ, ಅಂದರೆ ಪಟ್ಟಿಯ ಮೇಲ್ಭಾಗವನ್ನು ಮಾತ್ರ ಬಿಡಿಸಿ, ಪ್ರಶ್ನಿಸಿ, ಚಿಕ್ಕದಾಗಿಸುವ ಕೆಲಸದಲ್ಲಿ. ಕೈಪಿಡಿ ಇದನ್ನು ಪ್ರತ್ಯೇಕ ಸಭೆ ಎಂದು ಹೇಳಿಲ್ಲ. ಸ್ಪ್ರಿಂಟ್ ನಡೆಯುತ್ತಲೇ ಇದೂ ಸಾಗುತ್ತಿರಬೇಕು.

ನಮ್ಮ ತಂಡದ ಪಟ್ಟಿಯ ತುದಿಯಲ್ಲಿ ‘ರೈತರ ನೋಂದಣಿ’ ಎಂಬ ಒಂದೇ ಸಾಲು ಇದೆ. ಕುಳಿತು ಮಾತಾಡಿದಾಗ ಒಬ್ಬ ಡೆವಲಪರ್ ಕೇಳುತ್ತಾರೆ: ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿ ಎಲ್ಲರ ಬಳಿ ಇದೆಯೇ? ಇನ್ನೊಬ್ಬರು ಕೇಳುತ್ತಾರೆ: ಪಹಣಿ ಇನ್ನೂ ತೀರಿಕೊಂಡ ಅಪ್ಪನ ಹೆಸರಿನಲ್ಲೇ ಇದ್ದು, ಪೌತಿ ಖಾತೆ ಆಗದಿದ್ದರೆ ಮಗನನ್ನು ಹೇಗೆ ಸೇರಿಸುವುದು? ನೆಟ್‌ವರ್ಕ್ ಸಿಗದ ಊರಿನಲ್ಲಿ ಏನು ಗತಿ? ಹೀಗೆ ಒಂದು ಸಾಲು ನಾಲ್ಕಾಗುತ್ತದೆ: ಎಫ್‌ಐಡಿ ಇರುವವರ ನೋಂದಣಿ, ಟೋಕನ್ ಸಂದೇಶ, ನೆಟ್‌ವರ್ಕ್ ಇಲ್ಲದಾಗ ಮಾಹಿತಿ ಉಳಿಸಿಕೊಳ್ಳುವುದು, ಪೌತಿ ಖಾತೆಯ ಪ್ರಕರಣ. ಕೊನೆಯದನ್ನು ಆ್ಯಪ್ ಬಗೆಹರಿಸಲಾರದು, ಅದು ಕಂದಾಯ ಇಲಾಖೆಯ ಕೆಲಸ. ಹಾಗಾಗಿ ಪ್ರಾಡಕ್ಟ್ ಓನರ್ ಅದನ್ನು ಪಟ್ಟಿಯ ಕೆಳಗೆ ಇಳಿಸಿ, ಸದ್ಯಕ್ಕೆ ‘ನಾಡಕಚೇರಿಯಲ್ಲಿ ವಿಚಾರಿಸಿ’ ಎಂಬ ಸೂಚನೆ ಸಾಕು ಎನ್ನುತ್ತಾರೆ. ಹತ್ತು ತಿಂಗಳ ಯೋಜನೆಯಲ್ಲಿ ಈ ಪ್ರಶ್ನೆ ಪರೀಕ್ಷೆಯ ಹೊತ್ತಿಗೆ ಏಳುತ್ತಿತ್ತು. ಸ್ಪ್ರಿಂಟ್‌ಗೆ ಬರುವ ಸಾಲು ಇಷ್ಟು ಸಣ್ಣದಾಗಿರಬೇಕು: ಅದು ಆ ಎರಡು ವಾರಗಳೊಳಗೆ ಪರೀಕ್ಷೆ ಸಹಿತ ಮುಗಿಯಬೇಕು.

ನಂತರ ಸ್ಪ್ರಿಂಟ್ ಪ್ಲ್ಯಾನಿಂಗ್. ಒಂದು ತಿಂಗಳ ಸ್ಪ್ರಿಂಟ್‌ಗೆ ಎಂಟು ಗಂಟೆ ಮಿತಿ. ಎರಡು ವಾರದ್ದಕ್ಕೆ ಸುಮಾರು ನಾಲ್ಕು ಗಂಟೆ ಸಾಕು. ಇಲ್ಲಿ ಮೂರು ಪ್ರಶ್ನೆ: ಈ ಸ್ಪ್ರಿಂಟ್ ಯಾಕೆ, ಯಾವ ಯಾವ ಸಾಲು, ಅದನ್ನು ಮಾಡುವುದು ಹೇಗೆ. ಮೊದಲನೆಯದರ ಉತ್ತರವೇ ಸ್ಪ್ರಿಂಟ್ ಗುರಿ. ನಮ್ಮ ತಂಡದ್ದು ಹೀಗಿರಬಹುದು: ‘ಅಫಜಲಪುರ ತಾಲ್ಲೂಕಿನಲ್ಲಿ ಎಫ್‌ಐಡಿ ಇರುವ ರೈತರು ಒಂದು ಖರೀದಿ ಕೇಂದ್ರಕ್ಕೆ ಹೆಸರು ಹಚ್ಚಿ ಟೋಕನ್ ಪಡೆಯಬೇಕು.’ ಮೂರೂ ತಾಲ್ಲೂಕು ಯಾಕಲ್ಲ ಎಂದರೆ, ಒಂದರಲ್ಲಿ ತಪ್ಪಿದ್ದು ಮೂರರಲ್ಲೂ ತಪ್ಪಬಾರದು ಎಂದು.

ಲೆಕ್ಕ ಹೀಗೆ. ಐವರು ಡೆವಲಪರ್, ಹತ್ತು ಕೆಲಸದ ದಿನ, ಅಂದರೆ ಐವತ್ತು ಆಳು-ದಿನ. ನಾಗರ ಪಂಚಮಿಯ ರಜೆ ಐದು ಹೋಯಿತು, ಸಭೆ ಮತ್ತು ರಿಫೈನ್‌ಮೆಂಟ್‌ಗೆ ಐದು, ಹಳೆಯ ಸಾಫ್ಟ್‌ವೇರ್‌ನ ದೂರುಗಳಿಗೆ ಐದು. ಉಳಿದದ್ದು ಮೂವತ್ತೈದು. ಐವತ್ತಕ್ಕೂ ಕೆಲಸ ತುಂಬುವ ತಂಡ ಪ್ರತಿ ಸ್ಪ್ರಿಂಟ್‌ನ ಬಾಕಿಯನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಮಧ್ಯದಲ್ಲಿ ಸಂದೇಶ ಕಳಿಸುವ ಭಾಗ ಕೈಕೊಟ್ಟರೆ, ಗುರಿ ಬಿಡದೆ ವ್ಯಾಪ್ತಿ ಇಳಿಸಬಹುದು: ಟೋಕನ್ ಸಂಖ್ಯೆ ಪರದೆಯ ಮೇಲೆ ಕಂಡರೂ ರೈತರ ಕೆಲಸ ನಡೆಯುತ್ತದೆ.

ಕೆಡುವುದು ಎಲ್ಲಿ ಎಂದು ಗುರುತಿಸುವುದು ಕಷ್ಟವಲ್ಲ. ದಿನದ ಹದಿನೈದು ನಿಮಿಷದ ಸಭೆಯಲ್ಲಿ ಎಲ್ಲರೂ ಸ್ಕ್ರಮ್ ಮಾಸ್ಟರ್ ಮುಖ ನೋಡಿ ವರದಿ ಒಪ್ಪಿಸುತ್ತಿದ್ದರೆ, ಅಲ್ಲಿ ಹೊಸ ಹೆಸರಿನ ಮೇಲ್ವಿಚಾರಕರಿದ್ದಾರೆ. ಒಂದು ಸ್ಪ್ರಿಂಟ್‌ನಲ್ಲಿ ಕೋಡ್, ಮುಂದಿನದರಲ್ಲಿ ಪರೀಕ್ಷೆ ನಡೆಯುತ್ತಿದ್ದರೆ, ಹಳೆಯ ಕ್ರಮವೇ ಸಣ್ಣ ತುಂಡುಗಳಲ್ಲಿ ನಡೆದಿದೆ. ಪ್ರಾಡಕ್ಟ್ ಓನರ್ ಪ್ರತಿ ಪ್ರಶ್ನೆಗೂ ‘ಮೇಲೆ ಕೇಳಿ ಹೇಳ್ತೀನಿ’ ಎಂದರೆ ಅದು ಎಲ್ಲಕ್ಕಿಂತ ಕೆಟ್ಟ ಲಕ್ಷಣ. ಎರಡು ವಾರದಲ್ಲಿ ಒಂದು ವಾರ ಉತ್ತರಕ್ಕೆ ಕಾಯುವುದರಲ್ಲೇ ಕಳೆಯುತ್ತದೆ. ಸರ್ಕಾರಿ ಟೆಂಡರ್‌ಗಳಲ್ಲಿ ಈ ತೊಡಕು ಹೆಚ್ಚು. ಬೇಡಿಕೆಯೆಲ್ಲ ಮೊದಲೇ ಬರೆದು ಬೆಲೆ ಕಟ್ಟಿದ ಮೇಲೆ, ಒಂದು ಸಾಲನ್ನು ಕೆಳಗಿಳಿಸಲೂ ಒಪ್ಪಂದ ತಿದ್ದಬೇಕಾಗುತ್ತದೆ.

ಆದ್ದರಿಂದ ತಂಡ ಮೊದಲು ಹುಡುಕಬೇಕಾದದ್ದು ಹೊಸ ಸಾಫ್ಟ್‌ವೇರನ್ನಲ್ಲ, ‘ಇದು ಈಗ ಬೇಡ’ ಎಂದು ಹೇಳುವ ಅಧಿಕಾರವಿರುವ ಒಬ್ಬ ಪ್ರಾಡಕ್ಟ್ ಓನರನ್ನು. ಅಂಥವರು ಸಿಗದಿದ್ದರೆ ಹಳೆಯ ದೀರ್ಘ ಯೋಜನೆಯನ್ನೇ ಇಟ್ಟುಕೊಂಡು, ಭೂಮಿಯ ಹಾಗೆ ಕೆಲವೇ ತಾಲ್ಲೂಕುಗಳಲ್ಲಿ ಮೊದಲು ನಡೆಸಿ ನೋಡುವುದೇ ವಾಸಿ.